ಆ ಟೈಟಲ್ ನೋಡಿ ಬಂದವರಿಗೆ ನಾವು ಏನು ಕೊಟ್ಟೆವು?

ಒಂದು ಕಾಮೆಂಟ್ ನನ್ನ ತಲೆಯಿಂದ ಹೋಗಲೇ ಇಲ್ಲ. ಬೈಗುಳ ಏನೂ ಇರಲಿಲ್ಲ ಅದರಲ್ಲಿ. ಬೈದಿದ್ದರೆ ಬಹುಶಃ ಮರೆತುಬಿಡುತ್ತಿದ್ದೆ. "ಮೇಡಂ, ನನ್ನ ಮಷಿನ್‌ನಲ್ಲಿ ಸೂಜಿ ಪದೇ ಪದೇ ಮುರೀತಿದೆ. ನಿಮ್ಮ ವಿಡಿಯೊ ಪೂರ್ತಿ ನೋಡಿದೆ. ಸೂಜಿ ಬಗ್ಗೆ ಎಲ್ಲೂ ಹೇಳಲಿಲ್ಲ ಅಲ್ವಾ? ನಾನೇ ಎಲ್ಲಾದರೂ ಮಿಸ್ ಮಾಡಿದ್ನಾ?" ಅಂತ ಒಬ್ಬರು ಕೇಳಿದ್ದರು. ಆ ಕೊನೆಯ ಪ್ರಶ್ನೆ ಚುಚ್ಚಿತು. ಅವರು ಏನನ್ನೂ ಮಿಸ್ ಮಾಡಿರಲಿಲ್ಲ. ಸೂಜಿ ವಿಷಯ ಆ ವಿಡಿಯೊದಲ್ಲಿ ಇರಲೇ ಇಲ್ಲ. ಹನ್ನೊಂದು ನಿಮಿಷ ಕೂತು ನೋಡಿ, ಸಿಗದಿದ್ದಾಗ ತಪ್ಪು ತಮ್ಮದೇ ಇರಬೇಕು ಅಂದುಕೊಂಡಿದ್ದರು.

ಆ ಯೂಟ್ಯೂಬ್ ಚಾನೆಲ್ ನನ್ನ ಅಕ್ಕನದು. ಹೊಲಿಗೆ ಮತ್ತು ಹೊಲಿಗೆ ಮಷಿನ್‌ನ ಸಣ್ಣಪುಟ್ಟ ರಿಪೇರಿ ಅದರ ವಿಷಯ. ಅವಳು ಮಾತಾಡುತ್ತಾಳೆ, ಮಾಡಿ ತೋರಿಸುತ್ತಾಳೆ. ಟೈಟಲ್, ಡಿಸ್ಕ್ರಿಪ್ಷನ್ ಬರೆಯುವ ಕೆಲಸ ನನ್ನದು. ಹಾಗಾಗಿ ಆ ಕಾಮೆಂಟ್‌ಗೆ ಉತ್ತರ ಕೊಡಬೇಕಾದವನು ನಾನು. ಯಾಕೆಂದರೆ ಆ ವಿಡಿಯೊಗೆ ನಾನು ಇಟ್ಟಿದ್ದ ಟೈಟಲ್ ಇದು: "ಹೊಲಿಗೆ ಮಷಿನ್‌ನ ಎಲ್ಲಾ ಸಮಸ್ಯೆಗೂ ಒಂದೇ ಪರಿಹಾರ! ಇನ್ನು ಮೆಕ್ಯಾನಿಕ್ ಬೇಕಿಲ್ಲ". ಸೂಜಿ ಮುರಿಯುವುದೂ ಒಂದು ಸಮಸ್ಯೆಯೇ. "ಎಲ್ಲಾ" ಅಂದಮೇಲೆ ಅದೂ ಸೇರಿತು. ಆ ಪದ ಬರೆಯುವಾಗ ನನಗೆ ಅದು ಸುಮ್ನೆ ಒಂದು ಒತ್ತು ಕೊಡುವ ಪದ ಅನ್ನಿಸಿತ್ತು. ಓದಿದವರಿಗೆ ಅದು ಮಾತು ಕೊಟ್ಟಂತೆ ಕೇಳಿಸಿತು.

ಆ ಟೈಟಲ್ ಅನ್ನು ನಾವು ಹೇಗೆ ಬಿಚ್ಚಿ ಮತ್ತೆ ಕಟ್ಟಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದೇ ವಿಡಿಯೊದ ಕತೆ. ಆದರೆ ಆ ಒಂದು ವಿಡಿಯೊ ನನಗೆ ಕಲಿಸಿದಷ್ಟನ್ನು ಅದಕ್ಕೂ ಮೊದಲಿನ ಎಷ್ಟೋ ವಿಡಿಯೊಗಳು ಕಲಿಸಿರಲಿಲ್ಲ.

ಮೊದಲು ವಿಡಿಯೊ ನೋಡಬೇಕು

ಟೈಟಲ್ ತಿದ್ದಬೇಕು ಅಂದಾಗ ನಾನು ಮೊದಲು ಮಾಡುತ್ತಿದ್ದದ್ದು ಟೈಟಲ್ ಬಾಕ್ಸ್ ತೆರೆದು ಪದಗಳನ್ನು ಹಿಂದೆಮುಂದೆ ಮಾಡುವುದು. ಈ ಸಲ ಅಕ್ಕ ತಡೆದಳು. "ಮೊದಲು ವಿಡಿಯೊ ಹಾಕು. ಪೇಪರ್ ಪೆನ್ನು ತಗೋ. ನಾನು ಏನೇನು ಹೇಳಿದ್ದೀನಿ ಅಂತ ನನಗೇ ಸರಿಯಾಗಿ ನೆನಪಿಲ್ಲ, ನಿನಗೆಲ್ಲಿಂದ ಇರುತ್ತೆ?" ಅಂದಳು. ಇಬ್ಬರೂ ಕೂತು ಅವಳದೇ ವಿಡಿಯೊವನ್ನು ಹೊರಗಿನವರ ಹಾಗೆ ನೋಡಿದೆವು. ಯಾವ ನಿಮಿಷದಲ್ಲಿ ಏನು ಬರುತ್ತದೆ ಅಂತ ಬರೆದುಕೊಂಡೆ.

ಬರೆದದ್ದನ್ನು ನೋಡಿದರೆ ವಿಡಿಯೊ ತುಂಬಾ ಸ್ಪಷ್ಟವಾಗಿತ್ತು. ಅದು ಒಂದೇ ಒಂದು ತೊಂದರೆಯ ಬಗ್ಗೆ ಇತ್ತು. ಹೊಲಿಯುವಾಗ ಬಟ್ಟೆಯ ಅಡಿಯಲ್ಲಿ ದಾರ ಸಿಕ್ಕು ಸಿಕ್ಕಾಗಿ, ಗಂಟು ಬಿದ್ದು, ಬಟ್ಟೆ ಮುಂದಕ್ಕೆ ಹೋಗದೆ ನಿಲ್ಲುತ್ತದಲ್ಲ, ಅದು. ಹೊಸದಾಗಿ ಹೊಲಿಗೆ ಕಲಿಯುವವರು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವ ಜಾಗ ಅದು. ಸಿಕ್ಕು ಕೆಳಗೆ ಕಾಣುವುದರಿಂದ ಎಲ್ಲರೂ ಕೆಳಗಿನ ದಾರ ಸುತ್ತಿರುವ ಬಾಬಿನ್ ಮೇಲೆ ಅನುಮಾನ ಪಡುತ್ತಾರೆ. ಬಾಬಿನ್ ಕೇಸ್‌ನ ಸ್ಕ್ರೂ ತಿರುಗಿಸುತ್ತಾರೆ, ಮೊದಲೇ ಸರಿ ಇದ್ದದ್ದನ್ನೂ ಕೆಡಿಸಿಕೊಳ್ಳುತ್ತಾರೆ. ಆದರೆ ಹೆಚ್ಚಿನ ಸಲ ತಪ್ಪು ಮೇಲಿನ ದಾರದ್ದು. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಫೂಟ್ ಕೆಳಗಿಳಿದಿರುವಾಗ, ಮೇಲಿನ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಆಗ ದಾರ ಪೋಣಿಸಿದರೆ ಅದು ಬಿಲ್ಲೆಗಳ ನಡುವೆ ಹೋಗಿ ಕೂರುವುದೇ ಇಲ್ಲ. ಮೇಲಿನ ದಾರಕ್ಕೆ ಹಿಡಿತವೇ ಇರುವುದಿಲ್ಲ. ಕೆಳಗಿನ ಶಟಲ್ ಎಳೆದಷ್ಟೂ ಸಡಿಲವಾಗಿ ಬಂದು ಬಟ್ಟೆಯ ಅಡಿ ಗುಡ್ಡೆ ಬೀಳುತ್ತದೆ. ಫೂಟ್ ಮೇಲೆತ್ತಿ, ದಾರವನ್ನು ಪೂರ್ತಿ ಹೊರಗೆ ತೆಗೆದು, ಮೊದಲಿಂದ ಪೋಣಿಸಿದರೆ ಎಷ್ಟೋ ಮಷಿನ್‌ಗಳು ಅಲ್ಲೇ ಸರಿಹೋಗುತ್ತವೆ. ಅಕ್ಕ ಇದನ್ನು ಬಿಳಿ ಬಟ್ಟೆ, ಮೇಲೆ ಕೆಂಪು ದಾರ, ಕೆಳಗೆ ನೀಲಿ ದಾರ ಹಾಕಿ ತೋರಿಸಿದ್ದಾಳೆ. ಸಿಕ್ಕಿನ ಗುಡ್ಡೆಯಲ್ಲಿ ಕೆಂಪೇ ಜಾಸ್ತಿ. ತಪ್ಪು ಎಲ್ಲಿದೆ ಅಂತ ಬಾಯಲ್ಲಿ ಹೇಳುವ ಮೊದಲೇ ಕಣ್ಣಿಗೆ ಕಾಣುತ್ತದೆ.

ಇಷ್ಟು ಒಳ್ಳೆಯ ವಿಡಿಯೊದ ಮೇಲೆ ನಾನು ಅಂಥ ಟೈಟಲ್ ಅಂಟಿಸಿದ್ದೆ. ಪೇಪರ್ ಮೇಲೆ ಒಂದು ವಾಕ್ಯ ಬರೆದೆ: "ಬಟ್ಟೆ ಅಡಿಯಲ್ಲಿ ದಾರ ಸಿಕ್ಕಾಗುತ್ತಿರುವವರು, ಇದನ್ನು ನೋಡಿ, ಮೇಲಿನ ದಾರವನ್ನು ಸರಿಯಾಗಿ ಪೋಣಿಸಿ, ಅದನ್ನು ನಿಲ್ಲಿಸಬಹುದು." ಯಾರಿಗೆ, ಯಾವ ತೊಂದರೆಗೆ, ನೋಡಿದಮೇಲೆ ಏನು ಕೈಗೆ ಬರುತ್ತದೆ. ಪಕ್ಕದಲ್ಲಿ ಇನ್ನೊಂದು ಅಂಕಿ ಬರೆದೆ, 2:40. ಪರಿಹಾರ ನಿಜವಾಗಿ ಶುರುವಾಗುವುದು ಅಲ್ಲಿ. ಟೈಟಲ್ ಹೇಳಿದ ಮಾತು ವಿಡಿಯೊದ ಯಾವ ನಿಮಿಷದಲ್ಲಿ ನಿಜವಾಗುತ್ತದೆ ಅಂತ ಬೆರಳಿಟ್ಟು ತೋರಿಸಲು ಬರಬೇಕು. "ಎಲ್ಲಾ ಸಮಸ್ಯೆ" ಅನ್ನುವುದಕ್ಕೆ ನಾನು ಯಾವ ನಿಮಿಷವನ್ನೂ ತೋರಿಸಲಾರೆ. "ಮೆಕ್ಯಾನಿಕ್ ಬೇಕಿಲ್ಲ" ಅನ್ನುವುದಕ್ಕಂತೂ ವಿಡಿಯೊನೇ ವಿರುದ್ಧ. ಕೊನೆಯಲ್ಲಿ ಅಕ್ಕನೇ ಹೇಳುತ್ತಾಳೆ, ಇಷ್ಟು ಮಾಡಿದರೂ ಸರಿಹೋಗದಿದ್ದರೆ ಶಟಲ್‌ಗೆ ಏಟು ಬಿದ್ದಿರಬಹುದು, ಮೆಕ್ಯಾನಿಕ್‌ಗೆ ತೋರಿಸಿ ಅಂತ.

ಹುಡುಕುವವರಿಗೆ ಗೊತ್ತಿರುವ ಪದ ಯಾವುದು?

ನನ್ನ ಮೊದಲ ತಿದ್ದುಪಡಿ ಹೀಗಿತ್ತು: "ಹೊಲಿಗೆ ಮಷಿನ್ ಟೆನ್ಷನ್ ಸಮಸ್ಯೆ ಮತ್ತು ಪರಿಹಾರ". ನೋಡಲು ಸಭ್ಯವಾಗಿದೆ. ಆದರೆ ಎರಡು ತಪ್ಪಿದೆ. ವಿಡಿಯೊದಲ್ಲಿ ಅಕ್ಕ ಟೆನ್ಷನ್ ಡಯಲ್ ಮುಟ್ಟುವುದೇ ಇಲ್ಲ, "ಅದನ್ನು ತಿರುಗಿಸಬೇಡಿ" ಅಂತಲೇ ಹೇಳುತ್ತಾಳೆ. ಡಯಲ್ ಎಷ್ಟಕ್ಕೆ ಇಡಬೇಕು ಅಂತ ತಿಳಿಯಲು ಬರುವವರಿಗೆ ಇದು ಮತ್ತೆ ನಿರಾಸೆ. ಎರಡನೆಯದು, ಸಿಕ್ಕಾಗುತ್ತಿರುವವರಿಗೆ ಇದು ಟೆನ್ಷನ್ ಸಂಬಂಧ ಅಂತ ಗೊತ್ತೇ ಇಲ್ಲ. ಗೊತ್ತಿದ್ದರೆ ಅರ್ಧ ಪರಿಹಾರ ಆಗಲೇ ಸಿಕ್ಕಿದ ಹಾಗೆ.

ಆಮೇಲೆ ಪೂರ್ತಿ ಕರಾರುವಾಕ್ಕಾಗಿ ಬರೆದೆ: "ಪ್ರೆಸರ್ ಫೂಟ್ ಎತ್ತಿ ಮೇಲಿನ ದಾರ ಪೋಣಿಸುವ ಸರಿಯಾದ ಕ್ರಮ". ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಆದರೆ ಇದು ಯಾರಿಗೆ ಸಿಗುತ್ತದೆ? ಕಾರಣ ಗೊತ್ತಿರುವವರಿಗೆ. ಬೇಕಾಗಿರುವುದು ಕಾರಣ ಗೊತ್ತಿಲ್ಲದವರಿಗೆ. ನಾನು ತುಂಬಾ ಹೊತ್ತು ಯೋಚಿಸಿದ್ದು ಇದನ್ನೇ. ವಿಡಿಯೊ ಮಾಡುವವರು ಮಷಿನ್‌ನ ಒಳಗಿನಿಂದ ಹೊರಗೆ ನೋಡುತ್ತಾರೆ. ಅವರಿಗೆ ಮೊದಲು ಹೊಳೆಯುವುದು ಕಾರಣದ ಹೆಸರು. ಹುಡುಕುವವರು ಹೊರಗೆ ನಿಂತಿದ್ದಾರೆ. ಅವರ ಕಣ್ಣೆದುರು ಇರುವುದು ಗಂಟು ಬಿದ್ದ ದಾರ, ಅಷ್ಟೇ. ಅವರು ಕಂಡದ್ದನ್ನು ಕಂಡ ಹಾಗೆ ಟೈಪ್ ಮಾಡುತ್ತಾರೆ. ಟೈಟಲ್‌ನಲ್ಲಿ ಕಂಡದ್ದೂ ಇರಬೇಕು, ವಿಡಿಯೊ ಕೊಡುವ ಉತ್ತರದ ದಿಕ್ಕೂ ಇರಬೇಕು. ಮೊದಲನೆಯದು ಇದ್ದರೆ ಬೇಕಾದವರು ಸಿಗುತ್ತಾರೆ. ಎರಡನೆಯದು ಇದ್ದರೆ ಅವರು ತಪ್ಪು ನಿರೀಕ್ಷೆ ಇಟ್ಟುಕೊಂಡು ಬರುವುದಿಲ್ಲ.

ಕಂಡದ್ದಕ್ಕೆ ಅವರು ಯಾವ ಪದ ಬಳಸುತ್ತಾರೆ ಅನ್ನುವುದನ್ನು ಊಹಿಸುವ ಅಗತ್ಯ ಇರಲಿಲ್ಲ. ಮೂರು ಕಡೆ ನೋಡಿದೆವು. ಮೊದಲನೆಯದು ಕಾಮೆಂಟ್‌ಗಳು. ಅಲ್ಲಿ "ಸಿಕ್ಕು", "ಗಂಟು", "ಕೆಳಗಡೆ ದಾರ ಲೂಸ್" ಅಂತೆಲ್ಲ ಇತ್ತು. ಒಬ್ಬರೂ "ಟೆನ್ಷನ್" ಅಂದಿರಲಿಲ್ಲ. ಎರಡನೆಯದು ಯೂಟ್ಯೂಬ್ ಸ್ಟುಡಿಯೊ, ಅಂದರೆ ಚಾನೆಲ್ ನಡೆಸುವವರು ತಮ್ಮ ವಿಡಿಯೊಗಳ ಲೆಕ್ಕ ನೋಡುವ ಜಾಗ. ಒಂದು ವಿಡಿಯೊದ ಅನಲಿಟಿಕ್ಸ್ ತೆರೆದು, ರೀಚ್ ಟ್ಯಾಬ್‌ನಲ್ಲಿ ಟ್ರಾಫಿಕ್ ಸೋರ್ಸ್ ಒಳಗೆ ಹೋಗಿ, ಯೂಟ್ಯೂಬ್ ಸರ್ಚ್ ಅನ್ನುವುದನ್ನು ಒತ್ತಿದರೆ, ಜನ ಏನು ಟೈಪ್ ಮಾಡಿ ಈ ವಿಡಿಯೊಗೆ ಬಂದರು ಅನ್ನುವ ಪಟ್ಟಿ ಬರುತ್ತದೆ. ಇದನ್ನು ಎಷ್ಟೋ ಜನ ತೆರೆದೇ ನೋಡಿರುವುದಿಲ್ಲ. ಮೂರನೆಯದು ಸರ್ಚ್ ಬಾಕ್ಸ್. ಅರ್ಧ ಪದ ಟೈಪ್ ಮಾಡಿ ನಿಲ್ಲಿಸಿದರೆ ಅದೇ ಉಳಿದದ್ದನ್ನು ಸೂಚಿಸುತ್ತದೆ. ಇದನ್ನು ಲಾಗಿನ್ ಆಗದ ಖಾಸಗಿ ಕಿಟಕಿಯಲ್ಲಿ ಮಾಡಬೇಕು. ಇಲ್ಲದಿದ್ದರೆ ನಾವು ಹಿಂದೆ ಹುಡುಕಿದ್ದೇ ನಮಗೆ ವಾಪಸ್ ಬರುತ್ತದೆ.

ಪಟ್ಟಿಯಲ್ಲಿ ನಾನು ಗಮನಿಸದೇ ಇದ್ದ ಇನ್ನೊಂದು ವಿಷಯವಿತ್ತು. ಕನ್ನಡದಲ್ಲೇ ಹುಡುಕುವವರಲ್ಲೂ ಬಹಳ ಜನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ್ದರು. `holige machine dara gantu`, `machine kelage dara sikku`, ಹೀಗೆ. ಟೈಟಲ್ ಕನ್ನಡ ಲಿಪಿಯಲ್ಲೇ ಇರಲಿ ಅನ್ನುವುದು ಅಕ್ಕನ ಹಠ. ನನಗೂ ಅದೇ ಸರಿ ಅನ್ನಿಸುತ್ತದೆ, ಯಾಕೆಂದರೆ ಕಣ್ಣಿಗೆ ಬಿದ್ದ ಕೂಡಲೇ ವಿಡಿಯೊ ಯಾವ ಭಾಷೆಯಲ್ಲಿದೆ ಅಂತ ಟೈಟಲ್‌ನ ಲಿಪಿಯೇ ಹೇಳಿಬಿಡುತ್ತದೆ. ಅದೂ ಒಂದು ಭರವಸೆಯೇ ಅಲ್ವಾ? ಡಿಸ್ಕ್ರಿಪ್ಷನ್‌ನ ಕೆಳಗೆ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಒಂದು ಪೂರ್ತಿ ವಾಕ್ಯ ಸೇರಿಸಿದೆವು. ಪದಗಳ ರಾಶಿ ಹಾಕಲಿಲ್ಲ.

ಟೈಟಲ್ ಎಲ್ಲಿ ತುಂಡಾಗುತ್ತದೆ

ಟೈಟಲ್‌ಗೆ ಇರುವ ಮಿತಿ 100 ಅಕ್ಷರ. ಕನ್ನಡದಲ್ಲಿ ಬರೆಯುವವರಿಗೆ ಇದು ಬೇಗ ಮುಗಿಯುತ್ತದೆ. ನಮಗೆ ಒಂದೇ ಅಕ್ಷರವಾಗಿ ಕಾಣುವುದು ಕಂಪ್ಯೂಟರ್‌ಗೆ ಒಂದಲ್ಲ. "ಸ್ತ್ರೀ" ಅನ್ನುವುದನ್ನು ಅದು ಆರು ಅಂತ ಎಣಿಸುತ್ತದೆ. ಒತ್ತು, ಗುಣಿತ ಎಲ್ಲವೂ ಬೇರೆ ಬೇರೆ ಲೆಕ್ಕ. 100 ದಾಟದಿದ್ದರೂ ಸಣ್ಣ ಪರದೆಯಲ್ಲಿ, ಅದರಲ್ಲೂ ಪಕ್ಕದ ಪಟ್ಟಿಗಳಲ್ಲಿ, ಕೊನೆಯ ಪದಗಳು ಚುಕ್ಕಿಗಳ ಹಿಂದೆ ಅಡಗುತ್ತವೆ. ಅದಕ್ಕೇ ಮುಖ್ಯವಾದದ್ದು ಮುಂದೆ ಬರಬೇಕು. ನಮ್ಮ ಹಳೆ ವಿಡಿಯೊಗಳಲ್ಲಿ ಟೈಟಲ್ ಶುರುವಾಗುತ್ತಿದ್ದದ್ದೇ ಚಾನೆಲ್ ಹೆಸರು ಮತ್ತು "ಭಾಗ 14" ಎಂದು. ಹುಡುಕುವವರಿಗೆ ಅದೆರಡೂ ಬೇಕಿಲ್ಲ.

ಕೊನೆಗೆ ನಿಂತದ್ದು ಇದು: "ಬಟ್ಟೆ ಕೆಳಗೆ ದಾರ ಸಿಕ್ಕಾಗುತ್ತಾ? ಮೇಲಿನ ದಾರ ಹೀಗೆ ಪೋಣಿಸಿ | ಹೊಲಿಗೆ ಮಷಿನ್". ಕಂಪ್ಯೂಟರ್ ಲೆಕ್ಕದಲ್ಲಿ 66. ಮೊದಲು ಕಂಡ ತೊಂದರೆ, ಆಮೇಲೆ ಮಾಡಬೇಕಾದದ್ದು, ಕೊನೆಗೆ ವಸ್ತುವಿನ ಹೆಸರು. "ಹೊಲಿಗೆ ಮಷಿನ್" ಅನ್ನುವುದನ್ನು ಮುಂದೆ ಹಾಕೋಣ ಅಂತ ನಾನು ವಾದಿಸಿದ್ದೆ. ಥಂಬ್‌ನೇಲ್‌ನಲ್ಲಿ ಮಷಿನ್ ದೊಡ್ಡದಾಗಿ ಕಾಣುತ್ತದೆ, ಅದು ತುಂಡಾದರೂ ನಷ್ಟವಿಲ್ಲ, ಆದರೆ "ಸಿಕ್ಕಾಗುತ್ತಾ" ತುಂಡಾದರೆ ಉಳಿಯುವುದೇನು ಅಂತ ಅಕ್ಕ ಕೇಳಿದಳು. ಅವಳ ಮಾತೇ ಸರಿ.

ಆದರೆ ಅವಳಿಗೂ ಒಂದು ಅಳುಕಿತ್ತು. "ಉತ್ತರ ಎಲ್ಲ ಟೈಟಲ್‌ನಲ್ಲೇ ಹೇಳಿಬಿಟ್ಟರೆ ವಿಡಿಯೊ ಯಾರು ನೋಡ್ತಾರೆ?" ಅಂದಳು. ಇದು ಪ್ರಾಮಾಣಿಕವಾದ ಭಯ. ತುಂಬಾ ಜನರಿಗೆ ಇದೆ. ನಾನು ಅವಳಿಗೆ ತಿರುಗಿ ಕೇಳಿದೆ, "ಮೇಲಿನ ದಾರ ಪೋಣಿಸಿ ಅಂತ ಓದಿದ ಮಾತ್ರಕ್ಕೆ ಅವರ ಕೈಗೆ ಅದು ಬಂದುಬಿಡುತ್ತಾ?" ದಾರ ಯಾವ ಬಿಲ್ಲೆಯ ನಡುವೆ ಹೋಗಬೇಕು, ಕೂತಿದೆ ಅಂತ ತಿಳಿಯುವುದು ಹೇಗೆ, ಫೂಟ್ ಇಳಿಸಿದ ಮೇಲೆ ದಾರ ಎಳೆದರೆ ಬಿಗಿ ಅನ್ನಿಸಬೇಕು ಅನ್ನುವ ಗುರುತು, ಇದೆಲ್ಲ ನೋಡಿಯೇ ತಿಳಿಯಬೇಕು. ಒಂದು ಸಾಲಿನಲ್ಲಿ ಮುಗಿಯುವ ಉತ್ತರವಾಗಿದ್ದರೆ, ಅದಕ್ಕೆ ಹನ್ನೊಂದು ನಿಮಿಷದ ವಿಡಿಯೊನೇ ಬೇಕಿರಲಿಲ್ಲ.

ಥಂಬ್‌ನೇಲ್ ಮೇಲೂ ನಾನು "ಎಲ್ಲಾ ಸಮಸ್ಯೆ!" ಅಂತ ಕೆಂಪಕ್ಷರದಲ್ಲಿ ಬರೆದಿದ್ದೆ. ಅದನ್ನು ಬಿಟ್ಟು ಟೈಟಲ್ ಮಾತ್ರ ತಿದ್ದುವುದರಲ್ಲಿ ಅರ್ಥವಿಲ್ಲ. ನೋಡುವವರು ಎರಡನ್ನೂ ಸೇರಿಸಿ ಒಂದೇ ಮಾತಾಗಿ ಓದುತ್ತಾರೆ. ಅಲ್ಲಿನ ಅಕ್ಷರ ತೆಗೆದು, ಆ ಜಾಗದಲ್ಲಿ ಕೆಂಪು ದಾರದ ಸಿಕ್ಕಿನ ಹತ್ತಿರದ ಚಿತ್ರ ಹಾಕಿದೆವು. ತಮ್ಮ ಬಟ್ಟೆಯನ್ನು ತಿರುಗಿಸಿ ನೋಡಿದಾಗ ಕಾಣುವುದೇ ಅಲ್ಲೂ ಕಾಣುತ್ತದೆ.

ಡಿಸ್ಕ್ರಿಪ್ಷನ್‌ನ ಮೊದಲ ಎರಡು ಸಾಲು

ಡಿಸ್ಕ್ರಿಪ್ಷನ್‌ನಲ್ಲಿ 5000 ಅಕ್ಷರ ಬರೆಯಬಹುದು. ಆದರೆ ಒತ್ತಿ ಬಿಡಿಸುವ ಮೊದಲು ಕಾಣುವುದು ಮೇಲಿನ ಒಂದೆರಡು ಸಾಲು ಮಾತ್ರ. ನಮ್ಮ ಹಳೆಯ ಡಿಸ್ಕ್ರಿಪ್ಷನ್‌ನ ಮೊದಲೆರಡು ಸಾಲು "ನಮಸ್ಕಾರ ಸ್ನೇಹಿತರೇ, ನಮ್ಮ ಚಾನೆಲ್‌ಗೆ ಸ್ವಾಗತ, ವಿಡಿಯೊ ಇಷ್ಟವಾದರೆ ಲೈಕ್ ಮಾಡಿ" ಎಂದಿತ್ತು. ವಿಡಿಯೊದಲ್ಲಿ ಏನಿದೆ ಅನ್ನುವ ಮಾತು ಆರನೇ ಸಾಲಿನಲ್ಲಿ. ಅದರ ಕೆಳಗೆ ಅಲ್ಪವಿರಾಮ ಹಾಕಿದ ಪದಗಳ ಉದ್ದ ಸಾಲು, ಯಾವ್ಯಾವುದೋ ಕಂಪನಿಯ ಮಷಿನ್ ಹೆಸರುಗಳೂ ಸೇರಿ. ಆ ಮಷಿನ್‌ಗಳು ವಿಡಿಯೊದಲ್ಲಿ ಇಲ್ಲ. ಹೀಗೆ ಪದ ತುಂಬುವುದು ಉಪಯೋಗಕ್ಕೆ ಬಾರದ್ದು ಮಾತ್ರವಲ್ಲ, ಯೂಟ್ಯೂಬ್‌ನ ನಿಯಮಕ್ಕೂ ವಿರುದ್ಧ. ವಿಡಿಯೊದಲ್ಲಿ ಇಲ್ಲದ್ದನ್ನು ಇದೆ ಅನ್ನುವಂತೆ ಟೈಟಲ್, ಥಂಬ್‌ನೇಲ್, ಡಿಸ್ಕ್ರಿಪ್ಷನ್ ಮೂಲಕ ತೋರಿಸುವುದನ್ನೂ, ಟ್ಯಾಗ್‌ಗಳನ್ನು ಡಿಸ್ಕ್ರಿಪ್ಷನ್‌ಗೆ ಸುರಿಯುವುದನ್ನೂ ಅದು ಒಪ್ಪುವುದಿಲ್ಲ. ಟ್ಯಾಗ್‌ಗೆ ಬೇರೆಯೇ ಬಾಕ್ಸ್ ಇದೆ. ಅದರ ಪಾತ್ರವೂ ಬಹಳ ಸಣ್ಣದು ಅಂತ ಯೂಟ್ಯೂಬ್ ತಾನೇ ಹೇಳುತ್ತದೆ. ಜನ ಸಾಮಾನ್ಯವಾಗಿ ತಪ್ಪಾಗಿ ಟೈಪ್ ಮಾಡುವ ಪದಗಳಿಗೆ ಅದು ಉಪಯೋಗ. ನಾವು ಅಲ್ಲಿ ಹೆಚ್ಚು ಹೊತ್ತು ಕಳೆಯಲಿಲ್ಲ.

ಹೊಸದು ಹೀಗೆ ಶುರುವಾಯಿತು:

> ಹೊಲಿಯುವಾಗ ಬಟ್ಟೆಯ ಅಡಿಯಲ್ಲಿ ದಾರ ಸಿಕ್ಕಾಗಿ ಗಂಟು ಬೀಳುತ್ತಿದ್ದರೆ ಈ ವಿಡಿಯೊ ನಿಮಗೆ. ಬಾಬಿನ್ ಸ್ಕ್ರೂ ಮುಟ್ಟುವ ಮೊದಲು ಮೇಲಿನ ದಾರವನ್ನು ಫೂಟ್ ಎತ್ತಿ ಮತ್ತೆ ಪೋಣಿಸುವುದನ್ನು ತೋರಿಸಿದ್ದೇನೆ.
>
> ಸೂಜಿ ಮುರಿಯುವುದು, ಹೊಲಿಗೆ ಬಿಟ್ಟು ಬಿಟ್ಟು ಬೀಳುವುದು, ಮಷಿನ್ ಸದ್ದು ಮಾಡುವುದು ಇದರಲ್ಲಿ ಇಲ್ಲ. ಓವರ್‌ಲಾಕ್ ಮಷಿನ್‌ಗೂ ಇದು ಅಲ್ಲ.

ಎರಡನೇ ಪ್ಯಾರಾ ಬರೆಯಲು ನನಗೆ ಧೈರ್ಯ ಬೇಕಾಯಿತು. ಬರುವವರನ್ನು ನಾವೇ ವಾಪಸ್ ಕಳಿಸಿದ ಹಾಗಲ್ವಾ? ಆದರೆ ಆ ಕಾಮೆಂಟ್ ಬರೆದವರು ಈ ಸಾಲನ್ನು ಓದಿದ್ದರೆ ಅವರ ಹನ್ನೊಂದು ನಿಮಿಷ ಉಳಿಯುತ್ತಿತ್ತು. ಅದು ಸಾಕು ನನಗೆ. ಓವರ್‌ಲಾಕ್ ಬಗ್ಗೆ ಬರೆಯಲು ಅಕ್ಕ ಹೇಳಿದ್ದು. ಅದರಲ್ಲಿ ಬಾಬಿನ್ನೇ ಇರುವುದಿಲ್ಲ, ದಾರ ಹೋಗುವ ದಾರಿಯೇ ಬೇರೆ. ಈ ವಿಡಿಯೊ ನೋಡಿಕೊಂಡು ಅದನ್ನು ಬಿಚ್ಚಲು ಹೋದರೆ ಕಷ್ಟ.

ಆಮೇಲೆ ಸಮಯದ ಪಟ್ಟಿ. ಇದನ್ನು ಸರಿಯಾಗಿ ಬರೆದರೆ ವಿಡಿಯೊದ ಕೆಳಗಿನ ಗೆರೆ ತುಂಡು ತುಂಡಾಗಿ, ಪ್ರತಿ ತುಂಡಿಗೂ ಹೆಸರು ಬರುತ್ತದೆ. ನಿಯಮ ಸರಳ. ಮೊದಲ ಸಮಯ 0:00 ಆಗಿರಬೇಕು, ಕನಿಷ್ಠ ಮೂರು ಇರಬೇಕು, ಕ್ರಮವಾಗಿ ಏರಬೇಕು, ಪ್ರತಿ ತುಂಡೂ 10 ಸೆಕೆಂಡ್‌ಗೆ ಕಡಿಮೆ ಇರಬಾರದು.

> 0:00 ಪರಿಚಯ
> 0:50 ಸಿಕ್ಕು ಹೇಗೆ ಕಾಣುತ್ತದೆ
> 1:35 ಕೆಳಗಿನ ಸಿಕ್ಕಿಗೆ ಮೇಲಿನ ದಾರ ಯಾಕೆ ಕಾರಣ
> 2:40 ಫೂಟ್ ಎತ್ತಿ ದಾರ ಪೋಣಿಸುವುದು
> 5:50 ಬಾಬಿನ್ ಸರಿಯಾಗಿ ಕೂತಿದೆಯಾ ನೋಡುವುದು
> 8:15 ಬೇಡದ ಬಟ್ಟೆ ಮೇಲೆ ಹೊಲಿದು ನೋಡುವುದು
> 10:10 ಇಷ್ಟಾದರೂ ಸಿಕ್ಕಾದರೆ

ಮೊದಲು ನಾನು 0:00 ಪಕ್ಕದಲ್ಲೇ "ಸಿಕ್ಕು ಹೇಗೆ ಕಾಣುತ್ತದೆ" ಅಂತ ಬರೆದಿದ್ದೆ. ಅಕ್ಕ ನೋಡಿ, "ಮೊದಲ ಐವತ್ತು ಸೆಕೆಂಡ್ ನಾನು ಬರೀ ನಮಸ್ಕಾರ ಹೇಳ್ತಾ ಇದ್ದೀನಲ್ಲೋ, ಸಿಕ್ಕು ಎಲ್ಲಿದೆ ಅಲ್ಲಿ?" ಅಂದಳು. ಇಷ್ಟು ಸಣ್ಣ ಸಾಲಿನಲ್ಲೂ ಇಲ್ಲದ್ದನ್ನು ಇದೆ ಅನ್ನುವ ಅಭ್ಯಾಸ ನನ್ನ ಕೈಗೆ ಅಂಟಿತ್ತು.

ಅಂಕಿಗಳನ್ನು ಓದುವಾಗ

ತಿದ್ದಿದ ಮೇಲೆ ಮೊದಲ ವಾರ ನನಗೆ ಗಾಬರಿಯಾಯಿತು. ಥಂಬ್‌ನೇಲ್ ನೋಡಿದವರಲ್ಲಿ ಎಷ್ಟು ಜನ ಒತ್ತಿದರು ಅನ್ನುವ ಅಂಕಿ, ಅಂದರೆ ಕ್ಲಿಕ್ ಥ್ರೂ ರೇಟ್, ಶೇ. 6.8 ಇದ್ದದ್ದು 5.1ಕ್ಕೆ ಇಳಿಯಿತು. ಹಳೆಯ ಟೈಟಲ್ ವಾಪಸ್ ಹಾಕಿಬಿಡಲು ಕೈ ಹೋಗಿತ್ತು. ಟೈಟಲ್ ಎಷ್ಟು ಸಲ ಬೇಕಾದರೂ ಬದಲಿಸಬಹುದು, ವಿಡಿಯೊದ ಲಿಂಕೂ ವ್ಯೂಸೂ ಹಾಗೇ ಇರುತ್ತವೆ. ಆದ್ದರಿಂದ ಹಿಂದೆ ಸರಿಯುವುದು ತುಂಬಾ ಸುಲಭ. ಅದೇ ಅಪಾಯ.

ಆದರೆ ಇನ್ನೊಂದು ಗ್ರಾಫ್ ತೆರೆದೆವು. ವಿಡಿಯೊ ಶುರುವಾಗಿ 30 ಸೆಕೆಂಡ್ ಆದಾಗ ಎಷ್ಟು ಜನ ಇನ್ನೂ ನೋಡುತ್ತಿದ್ದಾರೆ ಅನ್ನುವುದನ್ನು ಸ್ಟುಡಿಯೊ ಪ್ರತ್ಯೇಕವಾಗಿ ತೋರಿಸುತ್ತದೆ. ಹಳೆಯ ಟೈಟಲ್ ಇದ್ದಾಗ ಅದು ಶೇ. 44. ಅಂದರೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅರ್ಧ ನಿಮಿಷದಲ್ಲೇ ಎದ್ದು ಹೋಗಿದ್ದರು. ಹೊಸ ಟೈಟಲ್ ಬಂದ ಮೂರು ವಾರಗಳಲ್ಲಿ ಅದು 61. ಒತ್ತುವವರು ಕಡಿಮೆಯಾದರು, ಕೂತು ನೋಡುವವರು ಹೆಚ್ಚಾದರು. ಕಡಿಮೆಯಾದವರು ಯಾರು? ಸೂಜಿ ಮುರಿದವರು, ಸದ್ದು ಬರುತ್ತಿದ್ದವರು, ಮಷಿನ್ ಕೊಳ್ಳುವ ಯೋಚನೆಯಲ್ಲಿದ್ದವರು. ಅವರು ಹೇಗೂ ಉಳಿಯುತ್ತಿರಲಿಲ್ಲ.

ಶಿಫಾರಸಿನಲ್ಲಿ ಯಾವುದನ್ನು ಮುಂದೆ ತರಬೇಕು ಅನ್ನುವುದಕ್ಕೆ ಯೂಟ್ಯೂಬ್ 2012ರಲ್ಲೇ ಬರೀ ಕ್ಲಿಕ್ ಬಿಟ್ಟು ನೋಡಿದ ಸಮಯಕ್ಕೆ ಒತ್ತು ಕೊಡಲು ಶುರು ಮಾಡಿತು. ಥಂಬ್‌ನೇಲ್‌ಗಳನ್ನು ಹೋಲಿಸಿ ನೋಡಲು ಅದು ಕೊಟ್ಟಿರುವ ಪರೀಕ್ಷೆಯಲ್ಲೂ ಗೆಲುವು ನಿರ್ಧಾರವಾಗುವುದು ಯಾವುದು ಹೆಚ್ಚು ಹೊತ್ತು ನೋಡಿಸಿತು ಅನ್ನುವುದರ ಮೇಲೆ. ಹಾಗಿದ್ದೂ ನಾವೆಲ್ಲ ಮೊದಲು ನೋಡುವುದು ಕ್ಲಿಕ್ ಅಂಕಿಯನ್ನೇ. ಆ ಅಂಕಿ ಒಂಟಿಯಾಗಿ ಬಹಳ ದಾರಿ ತಪ್ಪಿಸುತ್ತದೆ. ಯೂಟ್ಯೂಬ್ ಹೇಳುವ ಪ್ರಕಾರ ಅರ್ಧದಷ್ಟು ಚಾನೆಲ್, ವಿಡಿಯೊಗಳ ಅಂಕಿ ಶೇ. 2ರಿಂದ 10ರ ನಡುವೆ ಇರುತ್ತದೆ. ಅಷ್ಟು ಅಗಲವಾದ ಪಟ್ಟಿ ಅದು. ವಿಡಿಯೊವನ್ನು ನಮ್ಮ ಪರಿಚಯವಿರುವ ಚಂದಾದಾರರಿಗೆ ಮಾತ್ರ ತೋರಿಸಿದಾಗ ಅಂಕಿ ಏರುತ್ತದೆ, ಹೊಸಬರಿಗೆ ತೋರಿಸಿದಾಗ ಇಳಿಯುತ್ತದೆ. ಅಂದರೆ ವಿಡಿಯೊ ಹೆಚ್ಚು ಜನರನ್ನು ತಲುಪುತ್ತಿರುವಾಗಲೇ ಅಂಕಿ ಇಳಿಯಬಹುದು. ಅದಕ್ಕೇ ನಾವು ಸರ್ಚ್‌ನಿಂದ ಬಂದವರ ಅಂಕಿಯನ್ನು ಬೇರೆಯಾಗಿ ನೋಡಿದೆವು. ಅಲ್ಲಿ ಅದು ಇಳಿದಿರಲಿಲ್ಲ, ಸ್ವಲ್ಪ ಏರಿತ್ತು. ಹುಡುಕಿದ ಪದಗಳ ಪಟ್ಟಿಯ ಮೇಲ್ಭಾಗಕ್ಕೆ "ದಾರ ಸಿಕ್ಕು", "ದಾರ ಗಂಟು" ಬಂದಿದ್ದವು. ಮೊದಲು ಅಲ್ಲಿ ಇದ್ದದ್ದು "ಮಷಿನ್ ರಿಪೇರಿ" ಅನ್ನುವಂಥ ದೊಡ್ಡ ಬಲೆಯ ಪದಗಳು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಟೈಟಲ್, ಥಂಬ್‌ನೇಲ್, ಡಿಸ್ಕ್ರಿಪ್ಷನ್ ಮೂರನ್ನೂ ಒಂದೇ ದಿನ ಬದಲಿಸಿದ್ದರಿಂದ, ಯಾವುದು ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ಹೇಳಲಾಗುವುದಿಲ್ಲ. ಕಲಿಯುವುದಕ್ಕಾದರೆ ಒಂದೊಂದಾಗಿ ಬದಲಿಸಿ, ಎರಡು ಮೂರು ವಾರ ಕಾಯಬೇಕು. ನಮ್ಮ ಸಂದರ್ಭದಲ್ಲಿ ಮೂರೂ ಒಂದೇ ತಪ್ಪು ಮಾತನ್ನು ಹೇಳುತ್ತಿದ್ದವು. ಒಂದನ್ನು ಮಾತ್ರ ತಿದ್ದಿ ಉಳಿದ ಎರಡನ್ನು ಪರೀಕ್ಷೆಗೋಸ್ಕರ ಹಾಗೇ ಬಿಡುವುದು ನನಗೆ ಸರಿ ಅನ್ನಿಸಲಿಲ್ಲ.

ಗ್ರಾಫ್ ಇನ್ನೊಂದನ್ನೂ ತೋರಿಸಿತು. ಶುರುವಿನ ಇಳಿತ ಕಡಿಮೆಯಾಗಿತ್ತೇ ಹೊರತು ಹೋಗಿರಲಿಲ್ಲ. ಅದಕ್ಕೆ ಟೈಟಲ್ ಕಾರಣವಲ್ಲ, ಐವತ್ತು ಸೆಕೆಂಡ್‌ನ ನಮಸ್ಕಾರ ಕಾರಣ. ಟೈಟಲ್ ಎಷ್ಟೇ ನಿಜವಾಗಿದ್ದರೂ, ಬಂದವರಿಗೆ ಅದರ ಗುರುತು ಬೇಗ ಕಾಣಬೇಕು. ಒಂದು ತಿಂಗಳ ನಂತರ ಸ್ಟುಡಿಯೊದ ಎಡಿಟರ್‌ನಲ್ಲೇ ಶುರುವಿನ 42 ಸೆಕೆಂಡ್ ಕತ್ತರಿಸಿದೆವು. ಕತ್ತರಿಸಿದ ಮೇಲೆ ಡಿಸ್ಕ್ರಿಪ್ಷನ್‌ನ ಸಮಯಗಳು ತಾವಾಗಿ ಬದಲಾಗುವುದಿಲ್ಲ. ಎಲ್ಲವನ್ನೂ 42 ಸೆಕೆಂಡ್ ಹಿಂದಕ್ಕೆ ಎಣಿಸಿ ಬರೆಯಬೇಕಾಯಿತು. 0:50 ಹೋಗಿ 0:08 ಆಯಿತು. ಆಗ "ಪರಿಚಯ" ಅನ್ನುವ ತುಂಡು ಎಂಟೇ ಸೆಕೆಂಡ್ ಆಯಿತು, ಹತ್ತಕ್ಕಿಂತ ಕಡಿಮೆ. ಅದನ್ನು ತೆಗೆದು, 0:00 ಪಕ್ಕದಲ್ಲಿ ಕೊನೆಗೂ "ಸಿಕ್ಕು ಹೇಗೆ ಕಾಣುತ್ತದೆ" ಅಂತಲೇ ಬರೆದೆ. ಈಗ ಅದು ನಿಜ.

ಸೂಜಿ

ಆ ಕಾಮೆಂಟ್‌ಗೆ ಅಕ್ಕನೇ ಉತ್ತರ ಬರೆದಳು. "ನೀವು ಮಿಸ್ ಮಾಡಿಲ್ಲ. ಸೂಜಿ ವಿಷಯ ಈ ವಿಡಿಯೊದಲ್ಲಿ ಇಲ್ಲ. ಟೈಟಲ್ ತಪ್ಪಾಗಿತ್ತು, ತಿದ್ದಿದ್ದೇವೆ. ನಿಮ್ಮ ಸೂಜಿ ಯಾವಾಗ ಮುರಿಯುತ್ತೆ, ದಪ್ಪ ಬಟ್ಟೆ ಹೊಲಿಯುವಾಗಲಾ, ಎಲ್ಲ ಬಟ್ಟೆಗೂನಾ?" ಎರಡು ದಿನ ಬಿಟ್ಟು ಅವರ ಉತ್ತರ ಬಂತು. ದಪ್ಪ ಮಡಿಕೆ ಬಂದಾಗ ಮಾತ್ರ ಮುರಿಯುತ್ತದೆ, ಆಗ ಬಟ್ಟೆಯನ್ನು ಹಿಂದಿನಿಂದ ಕೈಯಲ್ಲಿ ಎಳೆಯುತ್ತೇನೆ ಅಂತ. ಅಕ್ಕ ಓದಿ, "ಅಲ್ಲೇ ಇದೆ ನೋಡು, ಎಳೆದಾಗ ಸೂಜಿ ಬಾಗಿ ತಟ್ಟೆಗೆ ಹೊಡೆಯುತ್ತೆ" ಅಂದಳು.

ಮುಂದಿನ ವಿಡಿಯೊ ಅದೇ ಆಯಿತು. ಈ ಸಲ ಕ್ಯಾಮೆರಾ ಇಡುವ ಮೊದಲೇ ಅವಳು ನನ್ನನ್ನು ಕರೆದು ಟೈಟಲ್ ಬರೆಸಿದಳು. "ದಪ್ಪ ಬಟ್ಟೆ ಹೊಲಿಯುವಾಗ ಸೂಜಿ ಮುರಿಯುತ್ತಾ? ಬಟ್ಟೆ ಎಳೆಯಬೇಡಿ, ಸೂಜಿ ನಂಬರ್ ನೋಡಿ" ಅಂತ ಬರೆದೆ. ಅವಳು ಆ ಚೀಟಿಯನ್ನು ಮಷಿನ್ ಪಕ್ಕ ಅಂಟಿಸಿಕೊಂಡು ಶೂಟಿಂಗ್ ಮಾಡಿದಳು. ನಡುವೆ ಒಮ್ಮೆ ತೆಳು ಬಟ್ಟೆಯ ಕಡೆಗೆ ಮಾತು ಹೊರಳಿತು. ಚೀಟಿ ನೋಡಿ ನಿಲ್ಲಿಸಿದಳು. "ಇದು ಬೇರೆ ವಿಡಿಯೊ" ಅಂದು ಮತ್ತೆ ದಪ್ಪ ಮಡಿಕೆಯನ್ನು ಫೂಟ್ ಕೆಳಗೆ ಇಟ್ಟಳು.